ಕ್ಯಾಂಪೇನ್ ವರದಿಯ ಅಂಕಿ ನೋಡಿದ ಕೂಡಲೇ "ಇದು ಕೂತು ಬರೆದದ್ದು" ಅಂತ ಗೊತ್ತಾಗೋದು ಹೇಗೆ?

ಮಾದರಿ_ವರದಿ:
ಮಾರ್ಕೆಟಿಂಗ್ ಕೆಲಸಕ್ಕೆ ತೋರಿಸೋಕೆ ಒಂದು ಮಾದರಿ ವರದಿ ತಯಾರು ಮಾಡ್ತಿದ್ದೀನಿ. ಗೌಪ್ಯತೆ ಒಪ್ಪಂದ ಇರೋದ್ರಿಂದ ಗ್ರಾಹಕರ ನಿಜವಾದ ಅಂಕಿ ಹಾಕೋ ಹಾಗಿಲ್ಲ. ಹಾಗಾಗಿ ಬ್ಯಾಗ್ ಮಾರುವ ಒಂದು ಕಾಲ್ಪನಿಕ ಆನ್‌ಲೈನ್ ಅಂಗಡಿ ಅಂತ ಇಟ್ಟುಕೊಂಡೆ. ಸರಾಸರಿ ಆರ್ಡರ್ ಮೌಲ್ಯ 1,850, ಅವಧಿ 8 ವಾರ, ಒಟ್ಟು ಬಜೆಟ್ 6 ಲಕ್ಷ.

ಸರ್ಚ್: ಖರ್ಚು 2,00,000, ಕ್ಲಿಕ್ 10,000, ಆರ್ಡರ್ 500
ಸೋಶಿಯಲ್: ಖರ್ಚು 2,50,000, ಕ್ಲಿಕ್ 25,000, ಆರ್ಡರ್ 500
ವಿಡಿಯೊ: ಖರ್ಚು 1,00,000, ಕ್ಲಿಕ್ 10,000, ಆರ್ಡರ್ 200
ಇಮೇಲ್: ಖರ್ಚು 50,000, ಕ್ಲಿಕ್ 5,000, ಆರ್ಡರ್ 250
ಫಾಲೋವರ್ಸ್: 10,000ದಿಂದ 20,000ಕ್ಕೆ

ನೋಡಿದವರು ಅರ್ಧ ನಿಮಿಷದಲ್ಲಿ "ನಂಬೋ ಹಾಗಿಲ್ಲ" ಅಂದುಬಿಟ್ಟರು. ಯಾಕೆ ಅಂತ ಹೇಳಲಿಲ್ಲ. ಎಲ್ಲಿ ಎಡವಿದೆ?

ಕ್ಲಿಕ್ಕಪ್ಪ:
ಎಲ್ಲಾ ಸೊನ್ನೆ ಸೊನ್ನೆ ಸೊನ್ನೆ. 10,000 ಬದಲು 9,873 ಅಂತ ಹಾಕಿ, 500 ಬದಲು 487. ಮುಗೀತು.

ತಕ್ಕಡಿ:
ಕ್ಲಿಕ್ಕಪ್ಪ ಹೇಳಿದ್ದು ಅರ್ಧ ಸರಿ. ಗುಂಡು ಅಂಕಿ ನೋಡಿದ ಕೂಡಲೇ ಅನುಮಾನ ಬರುತ್ತೆ, ನಿಜ. ಆದ್ರೆ 9,873 ಅಂತ ಬರೆದ ಮಾತ್ರಕ್ಕೆ ಸುಳ್ಳು ನಿಜ ಆಗಲ್ಲ, ಹಲ್ಲು ಕಟ್ಟಿಸಿಕೊಂಡ ಸುಳ್ಳು ಆಗುತ್ತೆ ಅಷ್ಟೇ. ನೋಡುವವರು ಮೊದಲು ಮಾಡೋದು ಭಾಗಾಕಾರ. ನಿಮ್ಮ ಸರ್ಚ್ ಮತ್ತು ಇಮೇಲ್ ಎರಡರಲ್ಲೂ 100 ಕ್ಲಿಕ್ಕಿಗೆ 5 ಆರ್ಡರ್. ಸೋಶಿಯಲ್ ಮತ್ತು ವಿಡಿಯೊ ಎರಡರಲ್ಲೂ ಸರಿಯಾಗಿ 2. ಸ್ವಭಾವವೇ ಬೇರೆ ಬೇರೆ ಇರುವ ನಾಲ್ಕು ಚಾನೆಲ್ ಎರಡೆರಡು ಜೋಡಿಯಾಗಿ ಹೀಗೆ ಕೂರಲ್ಲ. ಇನ್ನೊಂದು: ಸೋಶಿಯಲ್ಲೂ ಒಂದು ಕ್ಲಿಕ್ಕಿಗೆ 10, ವಿಡಿಯೊ ಕೂಡ 10, ಇಮೇಲ್ ಕೂಡ 10! ಇಮೇಲ್‌ನಲ್ಲಿ ಕ್ಲಿಕ್ ಲೆಕ್ಕದಲ್ಲಿ ಯಾರು ದುಡ್ಡು ಕೊಡ್ತಾರೆ?

ಯೋಜನೆಯ ಕಾಲಂನಲ್ಲಿ ಗುಂಡು ಅಂಕಿ ಇದ್ದರೆ ತಪ್ಪಿಲ್ಲ, ಬಜೆಟ್ ಹಾಗೇ ಹಾಕೋದು. ಆಗಿಹೋದ ಖರ್ಚಿನ ಕಾಲಂನಲ್ಲಿ ಇದ್ದರೆ ಮಾತ್ರ ತಪ್ಪು. ನಿಮ್ಮ ಪಟ್ಟಿಯಲ್ಲಿ ಆ ಎರಡು ಕಾಲಂ ಬೇರೆಯೇ ಇಲ್ಲ, ಮೊದಲ ಎಡವಟ್ಟು ಅದೇ.

ಸುಮ್ನೆ_ಕೇಳ್ದೆ:
10,000ದಿಂದ 20,000 ಫಾಲೋವರ್ಸ್ 8 ವಾರದಲ್ಲಾ? ಯಾವ ಟ್ರಿಕ್ ಹೇಳಿ ಸರ್, ನಮಗೂ ಬೇಕು.

ಮಾದರಿ_ವರದಿ:
ಅಯ್ಯೋ, ಅದು ಕಾಲ್ಪನಿಕ ಅಂಕಿ ಮಾರಾಯ್ರೇ.

ಖಡಕ್_ಲೆಕ್ಕ:
ಅಂದ್ರೆ ಸುಳ್ಳು ಅಂಕಿ ತೋರಿಸಿ ಕೆಲಸ ಗಿಟ್ಟಿಸೋದು ಹೇಗೆ ಅಂತ ಕೇಳ್ತಿದ್ದೀರಿ. ಇದಕ್ಕೆಲ್ಲ ಸಹಾಯ ಮಾಡಬೇಕಾ ಇಲ್ಲಿ?

ತಕ್ಕಡಿ:
ಮೊದಲ ಪುಟದಲ್ಲೇ "ಕಾಲ್ಪನಿಕ ಅಂಗಡಿ, ಮಾದರಿ ಅಂಕಿ" ಅಂತ ಬರೆದರೆ ಸುಳ್ಳು ಎಲ್ಲಿ ಬಂತು? ವರದಿ ಓದುವವರು ಅಂಕಿಯಲ್ಲಿ ಹುಡುಕೋದು ಯೋಚನೆಯನ್ನ. ಮಾದರಿ ಅಂತ ಹೇಳದೆ "ನಾನು ಇಷ್ಟು ಮಾರಿಸಿದೆ" ಅಂದರೆ ಅದು ಮೋಸ. ಇವರು ಹಾಗಂದಿಲ್ಲ.

ಖಡಕ್_ಲೆಕ್ಕ:
ಮೊದಲ ಪುಟ ಸಾಲದು, ಪ್ರತಿ ಪುಟದ ಕೆಳಗೂ ಇರಲಿ. ಸ್ಕ್ರೀನ್‌ಶಾಟ್ ತೆಗೆದು ಒಂದೇ ಪುಟ ಹಂಚಿಕೊಳ್ಳೋದು ಮಾಮೂಲು.

ತಕ್ಕಡಿ:
ಒಪ್ಪಿದೆ.

ಈಗ ಅದೇ ಅಂಗಡಿ, ಅದೇ 6 ಲಕ್ಷ ಇಟ್ಟುಕೊಂಡು ಮತ್ತೆ ಕಟ್ಟೋಣ. ಖರ್ಚಿನಿಂದ ಶುರು. ಸರ್ಚ್ ಯೋಜನೆ 2,00,000, ಆದದ್ದು 1,93,400. ದಿನದ ಬಜೆಟ್ ಹಾಕಿದರೂ ಗೂಗಲ್ ಯಾವುದೋ ಒಂದು ದಿನ ಅದರ ಎರಡು ಪಟ್ಟು ತನಕ ಖರ್ಚು ಮಾಡಬಹುದು, ತಿಂಗಳ ಲೆಕ್ಕಕ್ಕೆ ಮಾತ್ರ ದಿನದ ಬಜೆಟ್‌ನ 30.4 ಪಟ್ಟು ಮೀರಲ್ಲ. ತಿಂಗಳ ನಡುವೆ ಶುರು ಮಾಡಿ ನಡುವೆ ನಿಲ್ಲಿಸಿದರೆ ಬಜೆಟ್‌ಗೂ ಖರ್ಚಿಗೂ ತಾಳೆಯಾಗೋದು ಅಪರೂಪ. ಸೋಶಿಯಲ್ 2,50,000 ಇದ್ದದ್ದು 2,61,800 ಆಯ್ತು ಅನ್ನಿ, ವಿಡಿಯೊದಿಂದ ತೆಗೆದು ಇಲ್ಲಿಗೆ ಹಾಕಿದ್ದು. ವಿಡಿಯೊ 1,00,000 ಪೂರ್ತಿ ಸುಡದೆ 4ನೇ ವಾರ ನಿಲ್ಲಿಸಿ 61,300ಕ್ಕೆ ಮುಗಿಸಿದ್ದು. ಇಮೇಲ್‌ಗೆ ಕೊಡೋದು ಸಾಧನದ ಶುಲ್ಕ, 18,000. ನೀವು ಮರೆತೇಬಿಟ್ಟದ್ದು ಜಾಹೀರಾತು ತಯಾರಿಸೋ ಖರ್ಚು: ಫೋಟೊ, ಎಡಿಟಿಂಗ್, ಡಿಸೈನ್ ಸೇರಿ 54,000. ಒಟ್ಟು 5,88,500, ಉಳಿದದ್ದು 11,500.

ಹೀಗೆ ಬರೆದಾಗ ಪ್ರತಿ ವ್ಯತ್ಯಾಸದ ಹಿಂದೆ ಒಂದು ನಿರ್ಧಾರ ಕಾಣುತ್ತೆ. ಓದುವವರು "ವಿಡಿಯೊ ಯಾಕೆ ನಿಲ್ಲಿಸಿದ್ರಿ?" ಅಂತ ಕೇಳೇ ಕೇಳ್ತಾರೆ, ಆಗ ಹೇಳೋಕೆ ನಿಮ್ಮ ಹತ್ತಿರ ಏನಾದರೂ ಇರುತ್ತೆ.

ರಾತ್ರಿಪಾಳಿ:
ಯಾಕೆ ನಿಲ್ಲಿಸಿದ್ರು ಅನ್ನೋದಕ್ಕೆ ನಂಬೋ ಹಾಗಿರೋ ಕಾರಣ ಕೊಡ್ತೀನಿ. ವೀಕ್ಷಣೆ ಅಗ್ಗವಾಗಿ ಬರ್ತಾ ಇರುತ್ತೆ, ಎಲ್ಲರಿಗೂ ಖುಷಿ. ಜಾಹೀರಾತು ಎಲ್ಲೆಲ್ಲಿ ಓಡಿದೆ ಅನ್ನೋ ಪಟ್ಟಿ ತೆರೆದು ನೋಡಿದರೆ ಅರ್ಧಕ್ಕರ್ಧ ಮಕ್ಕಳ ಹಾಡಿನ ಚಾನೆಲ್, ಮೊಬೈಲ್ ಗೇಮ್. ಅಲ್ಲಿ ಸ್ಕಿಪ್ ಒತ್ತೋಕೆ ಬಾರದ ಕೂಸು ಕೂತಿರುತ್ತೆ. ಯೂಟ್ಯೂಬಿನ ಸ್ಕಿಪ್ ಮಾಡಬಹುದಾದ ಜಾಹೀರಾತನ್ನ 30 ಸೆಕೆಂಡ್ ನೋಡಿದರೆ, ಅದಕ್ಕಿಂತ ಚಿಕ್ಕದಾಗಿದ್ದರೆ ಕೊನೆತನಕ ನೋಡಿದರೆ, ಒಂದು ವೀಕ್ಷಣೆ ಅಂತ ಲೆಕ್ಕ. ಕೂಸು ಪೂರ್ತಿ ನೋಡುತ್ತೆ. ಬ್ಯಾಗ್ ಕೊಳ್ಳಲ್ಲ.

61,300ಕ್ಕೆ 1,02,000 ವೀಕ್ಷಣೆ ಅಂತ ಹಾಕಿ, ಒಂದಕ್ಕೆ 0.60 ಬೀಳುತ್ತೆ. ಆ 4 ವಾರದಲ್ಲಿ ಅಂಗಡಿ ಹೆಸರನ್ನೇ ಬರೆದು ಹುಡುಕಿದವರ ಸಂಖ್ಯೆ ಏರಲಿಲ್ಲ ಅಂತ ಪಕ್ಕದಲ್ಲಿ ಬರೆಯಿರಿ. ನಿಲ್ಲಿಸಿದ್ದಕ್ಕೆ ಅಷ್ಟು ಸಾಕು.

ಕ್ಲಿಕ್ಕಪ್ಪ:
ಸೋತ ಚಾನೆಲ್ಲನ್ನ ವರದಿಯಲ್ಲಿ ತೋರಿಸೋದಾ? ಕೆಲಸಕ್ಕೆ ಅರ್ಜಿ ಹಾಕೋರು ಯಾರಾದ್ರೂ ಹಾಗೆ ಮಾಡ್ತಾರಾ!

ರಾತ್ರಿಪಾಳಿ:
ನಾಲ್ಕಕ್ಕೆ ನಾಲ್ಕೂ ಗೆದ್ದಿರೋ ವರದಿ ನೋಡಿದ್ರೆ ನನಗಂತೂ ಓದೋಕೇ ಮನಸ್ಸಾಗಲ್ಲ.

ತಕ್ಕಡಿ:
ಸರ್ಚ್ ಸಾಲನ್ನ ಎರಡು ಮಾಡಿ, ಇದು ಬಹಳ ಮುಖ್ಯ. ಅಂಗಡಿಯ ಹೆಸರನ್ನೇ ಬರೆದು ಹುಡುಕೋರು ಒಂದು ಜಾತಿ, "ಲ್ಯಾಪ್‌ಟಾಪ್ ಬ್ಯಾಗ್" ಅಂತ ಹುಡುಕೋರು ಇನ್ನೊಂದು ಜಾತಿ. ಇಬ್ಬರನ್ನೂ ಕೂಡಿಸಿದರೆ ಸರ್ಚ್‌ಗೆ 422 ಆರ್ಡರ್, ಒಂದು ಆರ್ಡರ್‌ಗೆ 458 ಖರ್ಚು. ಬಹಳ ಚೆನ್ನಾಗಿ ಕಾಣುತ್ತೆ. ಬಿಡಿಸಿ ನೋಡಿ:

ಹೆಸರಿನ ಹುಡುಕಾಟ: ಖರ್ಚು 37,200, ಕ್ಲಿಕ್ 4,010, ಆರ್ಡರ್ 289. ಒಂದಕ್ಕೆ 129.
ಸಾಮಾನ್ಯ ಹುಡುಕಾಟ: ಖರ್ಚು 1,56,200, ಕ್ಲಿಕ್ 6,350, ಆರ್ಡರ್ 133. ಒಂದಕ್ಕೆ 1,174.

ಮೊದಲ ಸಾಲಿನವರು ಜಾಹೀರಾತು ಇಲ್ಲದಿದ್ದರೂ ಅದರ ಕೆಳಗಿನ ಪುಕ್ಕಟೆ ಲಿಂಕ್ ಒತ್ತಿ ಬರುತ್ತಿದ್ದವರೇ ಹೆಚ್ಚು. ಹೊಸಬರನ್ನ ತಂದ ನಿಜವಾದ ದರ ಎರಡನೇ ಸಾಲಿನದು. ಆ 458 ಇದೆಯಲ್ಲ, ಯಾವ ಗ್ರಾಹಕನೂ ಆ ದರಕ್ಕೆ ಬಂದಿಲ್ಲ. ಎರಡು ಬೇರೆ ಬೇರೆ ಜನರ ಸರಾಸರಿ ಅದು.

ಜಾಲಿಮರ:
ಹೆಸರಿನ ಹುಡುಕಾಟಕ್ಕೆ ಜಾಹೀರಾತು ಕೊಡಲೇಬಾರದು ಅಂತೀರಾ? ಎದುರಾಳಿ ಆ ಜಾಗಕ್ಕೆ ಬಂದು ಕೂತರೆ?

ತಕ್ಕಡಿ:
ಕೊಡಬಾರದು ಅಂದಿಲ್ಲ, ಬೇರೆ ಸಾಲಲ್ಲಿ ಬರೀರಿ ಅಂದೆ. ಎದುರಾಳಿಗಳು ನಿಮ್ಮ ಹೆಸರಿನ ಮೇಲೆ ಬಿಡ್ ಮಾಡ್ತಿದ್ದಾರಾ ಅಂತ ಗೂಗಲ್ ಆ್ಯಡ್ಸ್‌ನ `Auction insights` ವರದಿ ತೆರೆದರೆ ಗೊತ್ತಾಗುತ್ತೆ. ಅಲ್ಲಿ ಯಾರೂ ಇಲ್ಲದಿದ್ದರೆ ಎರಡು ವಾರ ನಿಲ್ಲಿಸಿ ಒಟ್ಟು ಆರ್ಡರ್ ಇಳಿಯುತ್ತಾ ನೋಡಬಹುದು.

ಜಾಲಿಮರ:
ಎರಡು ವಾರದಲ್ಲಿ ಏನೂ ಗೊತ್ತಾಗಲ್ಲ. ಸಂಬಳದ ವಾರ ಒಂದು ಕಡೆ ಬಿದ್ದರೆ ಎಲ್ಲಾ ಏರುಪೇರು. ಇರಲಿ, ವಿಷಯ ಬೇರೆ ಕಡೆ ಹೋಗ್ತಿದೆ.

ಅಂಕಿಮಿಂಚು:
ಸೋಶಿಯಲ್ ಬಗ್ಗೆ ನಾನು ಬರೀತೀನಿ. ನಂಬುವಂತಿರಬೇಕಾದರೆ ನಾಲ್ಕು ಅಂಕಿ ಒಂದಕ್ಕೊಂದು ಗುಣಿಸಿದರೆ ಸರಿಹೋಗಬೇಕು. 2,61,800 ಖರ್ಚು. ಜಾಹೀರಾತು ಕಾಣಿಸಿಕೊಂಡದ್ದು 21,40,000 ಸಲ. ತಲುಪಿದ ಜನ 5,12,000, ಅಂದರೆ ಒಬ್ಬೊಬ್ಬರಿಗೆ ಸರಾಸರಿ 4.18 ಸಲ. ಲಿಂಕ್ ಕ್ಲಿಕ್ 19,690, ಅಂದರೆ ಸಿಟಿಆರ್, ಕಾಣಿಸಿದ ನೂರು ಸಲಕ್ಕೆ ಬಿದ್ದ ಕ್ಲಿಕ್, 0.92%. "ತಲುಪಿದ ಜನ" ಮತ್ತು "ಕಾಣಿಸಿದ ಸಲ" ಎರಡನ್ನೂ ಒಂದೇ ಅಂತ ಹಾಕಿರೋ ಮಾದರಿ ವರದಿ ಎಷ್ಟಿವೆಯೋ.

ಇನ್ನೂ ಒಂದು ಬಲೆ ಇದೆ. ವಾರವಾರದ ತಲುಪಿದ ಜನರನ್ನ ಕೂಡಿಸಿ ಒಟ್ಟು ಬರೆಯೋ ಹಾಗಿಲ್ಲ. ಮೊದಲ ವಾರ ನೋಡಿದವನೇ ಎರಡನೇ ವಾರವೂ ನೋಡಿರ್ತಾನೆ. 8 ವಾರದ ಅಂಕಿ ಕೂಡಿಸಿದ ಮೊತ್ತ ಸರಿಯಾಗಿ ಆ ಒಟ್ಟು 5,12,000ಕ್ಕೇ ಸಮ ಆದರೆ ಅಂಕಿ ಕೈಯಲ್ಲಿ ಬರೆದದ್ದು ಅಂತ ಅಲ್ಲೇ ಗೊತ್ತಾಯ್ತು. ಮೊತ್ತ ಯಾವಾಗಲೂ ಒಟ್ಟಿಗಿಂತ ಹೆಚ್ಚೇ ಇರಬೇಕು.

ಮಾದರಿ_ವರದಿ:
ನಾನು ಮಾಡಿದ್ದೇ ಅದು, ವಾರಕ್ಕೆ 60,000ದ ಹಾಗೆ ಕೂಡಿಸಿದ್ದೆ. 😅 ಹಾಗಾದರೆ ಸೋಶಿಯಲ್ ಆರ್ಡರ್ ಎಷ್ಟು ಹಾಕಲಿ?

ಅಂಕಿಮಿಂಚು:
ಒಂದಲ್ಲ, ಎರಡು ಅಂಕಿ ಹಾಕಬೇಕು. ಮೆಟಾ ತನ್ನ ಫಲಕದಲ್ಲಿ 311 ಅಂತ ಹೇಳುತ್ತೆ. ಗೂಗಲ್ ಅನಲಿಟಿಕ್ಸ್ ಅದೇ ಸೋಶಿಯಲ್ ಜಾಹೀರಾತಿಗೆ 124 ಕೊಡುತ್ತೆ. ಎರಡೂ ಸುಳ್ಳಲ್ಲ, ಎಣಿಸೋ ರೀತಿ ಬೇರೆ. ಮೆಟಾದ ಮಾಮೂಲಿ ಲೆಕ್ಕದಲ್ಲಿ ಜಾಹೀರಾತು ಒತ್ತಿದ 7 ದಿನದೊಳಗೆ ಕೊಂಡರೆ ತನ್ನದು, ಒತ್ತದೆ ಬರೀ ನೋಡಿ 1 ದಿನದೊಳಗೆ ಕೊಂಡರೂ ತನ್ನದು. ಈ 311ರಲ್ಲಿ 193 ಒತ್ತಿದವರದು, 118 ಬರೀ ನೋಡಿದವರದು ಅಂತ ಒಡೆದು ತೋರಿಸಿ. ಅನಲಿಟಿಕ್ಸ್‌ಗೆ ಬರೀ ನೋಡಿದವರು ಕಾಣಿಸೋದೇ ಇಲ್ಲ. ಫೋನಲ್ಲಿ ಒತ್ತಿ ಮನೆಗೆ ಹೋಗಿ ಕಂಪ್ಯೂಟರಲ್ಲಿ ಕೊಂಡವರೂ ಬಹುಪಾಲು ತಪ್ಪಿಹೋಗ್ತಾರೆ.

ಇನ್ನೊಂದು ಪರೀಕ್ಷೆ: ಒಂದು ಆ್ಯಡ್ ಸೆಟ್, ಅಂದರೆ ಒಂದೇ ಗುರಿ ಇಟ್ಟ ಜಾಹೀರಾತುಗಳ ಗುಂಪು, ಯಾರಿಗೆ ತೋರಿಸಬೇಕು ಅಂತ ಮೆಟಾ ಕಲಿಯೋ ಹಂತ ದಾಟಬೇಕಾದರೆ ವಾರಕ್ಕೆ ಸುಮಾರು 50 ಆರ್ಡರ್ ಬೇಕು ಅಂತ ಮೆಟಾನೇ ಹೇಳುತ್ತೆ. ಇಲ್ಲಿ 311ನ್ನ 8 ವಾರಕ್ಕೆ ಹಂಚಿದರೆ ವಾರಕ್ಕೆ 39. ಇದನ್ನ ನಾಲ್ಕು ಆ್ಯಡ್ ಸೆಟ್ ಮಾಡಿ ಓಡಿಸಿದೆ ಅಂತ ವರದಿಯಲ್ಲಿ ಬರೆದರೆ ಪ್ರತಿಯೊಂದಕ್ಕೂ ಹತ್ತೇ ಬೀಳುತ್ತೆ, ನಾಲ್ಕೂ ಕಲಿಕೆ ಮುಗಿಯದೆ `Learning limited` ಅಂತ ನಿಂತಿರುತ್ತೆ. ಹಾಗಿದ್ದೂ ವಾರವಾರಕ್ಕೆ ದರ ನಯವಾಗಿ ಇಳಿದ ಗ್ರಾಫ್ ಹಾಕಿದರೆ ತಿಳಿದವರು ನಗ್ತಾರೆ. ಒಂದೇ ಆ್ಯಡ್ ಸೆಟ್‌ಗೆ ಒಟ್ಟು ಮಾಡಿ 50ರ ಹತ್ತಿರಕ್ಕಾದರೂ ತಂದೆ ಅನ್ನಿ, ಇಲ್ಲವೇ ಆರ್ಡರ್ ಬದಲು "ಕಾರ್ಟ್‌ಗೆ ಸೇರಿಸಿದ್ದು" ಗುರಿ ಇಟ್ಟೆ ಅನ್ನಿ.

ಕ್ಲಿಕ್ಕಪ್ಪ:
ಕಾರ್ಟ್‌ಗೆ ಸೇರಿಸೋರನ್ನ ಗುರಿ ಇಟ್ಟರೆ ಕಾರ್ಟ್‌ಗೆ ಸೇರಿಸಿ ಓಡಿಹೋಗೋರೇ ಸಿಗ್ತಾರೆ.

ಅಂಕಿಮಿಂಚು:
ಅದೂ ನಿಜವೇ. ಕಾರ್ಟ್‌ನಿಂದ ಆರ್ಡರ್‌ಗೆ ಹೋಗುವ ಪ್ರಮಾಣ ಕುಸಿದರೆ ವಾಪಸ್ ಬರಬೇಕು.

ಲೀಡ್_ಲೆಕ್ಕ:
ನಮ್ಮದು ಕಂಪನಿಗಳಿಗೆ ಸಾಫ್ಟ್‌ವೇರ್ ಮಾರೋದು. ಆರ್ಡರ್ ಅಂತ ಇರಲ್ಲ, ಫಾರಂ ತುಂಬ್ತಾರೆ, ಮಾರಾಟ ಮುಗಿಯೋಕೆ 3 ತಿಂಗಳು. 8 ವಾರದ ವರದಿಯಲ್ಲಿ ಏನು ತೋರಿಸೋದು? ಎಲ್ಲಾ ಸೊನ್ನೆ ಬರುತ್ತೆ.

ರಾತ್ರಿಪಾಳಿ:
ಫಾರಂ ಬಂದ ತಿಂಗಳಿನ ಪ್ರಕಾರ ಗುಂಪು ಮಾಡಿ. ಮೊದಲ ತಿಂಗಳು ಬಂದವರಲ್ಲಿ ಇಂದಿಗೆ ಎಷ್ಟು ಜನ ಮುಂದಿನ ಹಂತಕ್ಕೆ ಹೋದರು, ಎರಡನೇ ತಿಂಗಳು ಬಂದವರಲ್ಲಿ ಎಷ್ಟು ಅಂತ. ಈ ತಿಂಗಳ ಖರ್ಚನ್ನ ಈ ತಿಂಗಳ ಮಾರಾಟದಿಂದ ಭಾಗಿಸಬೇಡಿ, ಈ ಮಾರಾಟ ಹಿಂದಿನ ಖರ್ಚಿನದು.

ಲೀಡ್_ಲೆಕ್ಕ:
ಮಾರಾಟ ತಂಡದವರು ಆ ಹಂತಗಳನ್ನ ಸರಿಯಾಗಿ ತುಂಬಿದರೆ ತಾನೆ.

ರಾತ್ರಿಪಾಳಿ:
ಅದಕ್ಕೆ ಮದ್ದಿಲ್ಲ.

ಅಂದ ಹಾಗೆ ಈ ತಡದ ವಿಷಯ ಬ್ಯಾಗ್ ಅಂಗಡಿಗೂ ಬರುತ್ತೆ. ಗೂಗಲ್ ಆ್ಯಡ್ಸ್ ಒಂದು ಆರ್ಡರನ್ನ ಆರ್ಡರ್ ಆದ ದಿನಕ್ಕಲ್ಲ, ಜಾಹೀರಾತು ಒತ್ತಿದ ದಿನಕ್ಕೆ ಬರೆದುಕೊಳ್ಳುತ್ತೆ. ಒತ್ತಿದ 30 ದಿನದೊಳಗೆ ಕೊಂಡರೆ ಲೆಕ್ಕಕ್ಕೆ ಬರೋದು ಅಲ್ಲಿನ ಮಾಮೂಲಿ ಸೆಟ್ಟಿಂಗ್. ಹಾಗಾಗಿ ವರದಿ ತೆಗೆದ ದಿನ ಕೊನೆಯ ವಾರ ಯಾವಾಗಲೂ ಸೊರಗಿದ ಹಾಗೆ ಕಾಣುತ್ತೆ, ಎರಡು ವಾರ ಬಿಟ್ಟು ನೋಡಿದರೆ ಅದೇ ವಾರ ತುಂಬಿಕೊಂಡಿರುತ್ತೆ. ಮಾದರಿ ವರದಿಯಲ್ಲಿ 8ನೇ ವಾರವೇ ಶಿಖರ ಆಗಿದ್ದರೆ ಸ್ವಲ್ಪ ಅನುಮಾನವೇ. 8ನೇ ವಾರದ ಕಂಬವನ್ನ ಬೂದು ಬಣ್ಣದಲ್ಲಿ ಹಾಕಿ "ಇನ್ನೂ ತುಂಬಬೇಕು" ಅಂತ ಬರೆಯಿರಿ.

ತಕ್ಕಡಿ:
ಈಗ ಅಸಲಿ ವಿಷಯ. ನಾಲ್ಕೂ ಚಾನೆಲ್‌ಗಳು ತಮ್ಮದು ಅಂತ ಹೇಳಿಕೊಳ್ಳೋ ಆರ್ಡರ್ ಕೂಡಿಸಿ: ಸರ್ಚ್ 422, ಸೋಶಿಯಲ್ 311, ವಿಡಿಯೊ 37, ಇಮೇಲ್ 268. ಒಟ್ಟು 1,038. ಖರ್ಚು 5,88,500 ಭಾಗಿಸಿದರೆ ಆರ್ಡರ್‌ಗೆ 567. ಸಾಮಾನ್ಯವಾಗಿ ವರದಿಗಳು ಇಲ್ಲಿಗೇ ನಿಲ್ತವೆ.

ಅಂಗಡಿಯ ಸ್ವಂತ ಪುಸ್ತಕ ತೆಗೆದು ನೋಡಿ. ಈ 8 ವಾರದಲ್ಲಿ ಆರ್ಡರ್ 1,146. ಕ್ಯಾಂಪೇನ್ ಇಲ್ಲದ ಹಿಂದಿನ 8 ವಾರದಲ್ಲಿ 640. ಏರಿದ್ದು 506 ಮಾತ್ರ. ಚಾನೆಲ್‌ಗಳು ಅದರ ಎರಡು ಪಟ್ಟು ತಮ್ಮದು ಅಂತಿವೆ. ಒಬ್ಬಳೇ ಗ್ರಾಹಕಿ ಸೋಮವಾರ ಸೋಶಿಯಲ್‌ನಲ್ಲಿ ನೋಡಿ, ಬುಧವಾರ ಹೆಸರು ಬರೆದು ಹುಡುಕಿ, ಗುರುವಾರ ಇಮೇಲ್ ತೆರೆದು ಕೊಂಡರೆ ಮೂವರೂ ಒಂದೊಂದು ಬರೆದುಕೊಳ್ತಾರೆ. ಆರ್ಡರ್ ಒಂದೇ.

506ರಿಂದ ಭಾಗಿಸಿದರೆ ಒಂದು ಹೆಚ್ಚುವರಿ ಆರ್ಡರ್‌ಗೆ 1,163 ಖರ್ಚು. ಆರ್ಡರ್ ಮೌಲ್ಯ 1,850, ಸರಕಿನ ಖರ್ಚು ಕಳೆದು 55% ಉಳಿಯುತ್ತೆ ಅಂದರೆ 1,017. ಅಂದರೆ ಮೊದಲ ಆರ್ಡರ್‌ನಲ್ಲಿ ತಲಾ 146 ಕೈಯಿಂದ ಹೋಗುತ್ತೆ. ಅವರು ಮತ್ತೆ ಬಂದು ಕೊಂಡರೆ ಮಾತ್ರ ಲಾಭ. 567 ತೋರಿಸಿದ ವರದಿ ಇನ್ನೂ ದುಡ್ಡು ಹಾಕಿ ಅನ್ನುತ್ತೆ, 1,163 ತೋರಿಸಿದ್ದು ತಡೀರಿ ಅನ್ನುತ್ತೆ. ಖರ್ಚು ಅದೇ, ವ್ಯಾಪಾರವೂ ಅದೇ.

ಮಾದರಿ_ವರದಿ:
ಇಮೇಲ್ 268 ಸ್ವಲ್ಪ ಜಾಸ್ತಿ ಅನ್ನಿಸಲ್ವಾ?

ತಕ್ಕಡಿ:
ಜಾಸ್ತಿ ಅನ್ನಿಸಲಿ ಅಂತಲೇ ಇಟ್ಟೆ. ಕಳಿಸಿದ್ದು 73,200, ಕ್ಲಿಕ್ 1.9%, ಅಂದರೆ 1,391. ಕ್ಲಿಕ್ ಮಾಡಿ ಕೊಂಡವರು 87. ಉಳಿದ 181 ಎಲ್ಲಿಂದ ಬಂತು? ಸಾಧನದ ಸೆಟ್ಟಿಂಗ್‌ನಲ್ಲಿ "ಇಮೇಲ್ ತೆರೆದ 5 ದಿನದೊಳಗೆ ಆದ ಆರ್ಡರ್ ಎಲ್ಲಾ ಇಮೇಲ್‌ನದು" ಅಂತ ಇತ್ತು ಅನ್ನಿ. 2021ರಲ್ಲಿ ಐಒಎಸ್ 15 ಬಂದ ಮೇಲೆ ಆ್ಯಪಲ್ ಮೇಲ್ ಓದುಗನ ಪರವಾಗಿ ತಾನೇ ಚಿತ್ರಗಳನ್ನ ಮೊದಲೇ ಇಳಿಸಿಕೊಳ್ಳುತ್ತೆ, ಅದು "ತೆರೆದರು" ಅಂತ ದಾಖಲಾಗುತ್ತೆ. ಯಾರೂ ತೆರೆಯದ ಇಮೇಲ್ ಆರ್ಡರ್ ತಂದ ಹಾಗೆ ಆಯ್ತು. ವರದಿಯಲ್ಲಿ 87 ಹಾಕಿ, 268 ಯಾಕೆ ಹಾಕಲಿಲ್ಲ ಅಂತ ಒಂದು ಸಾಲು ಬರೆಯಿರಿ.

ಜಾಲಿಮರ:
ತಕ್ಕಡಿಯವರೇ, ಇಷ್ಟೆಲ್ಲಾ ಹೇಳಿ ಕೊನೆಗೆ "ಹಿಂದಿನ 8 ವಾರ 640, ಈ 8 ವಾರ 1,146, ವ್ಯತ್ಯಾಸವೆಲ್ಲಾ ಕ್ಯಾಂಪೇನ್‌ನದು" ಅಂದ್ರಲ್ಲ, ಅದೂ ದಪ್ಪ ಲೆಕ್ಕವೇ. ಬ್ಯಾಗ್ ಅಂದರೆ ಶಾಲೆ ಕಾಲೇಜು ಶುರುವಾಗೋ ಹೊತ್ತಲ್ಲಿ ಹೇಗೂ ಏರುತ್ತೆ.

ಇನ್ನೊಂದು, ಏನೂ ಬದಲಾಗದಿದ್ದರೂ ಆರ್ಡರ್ ಸಂಖ್ಯೆ ಒಂದಿಷ್ಟು ಅಲ್ಲಾಡುತ್ತೆ. ಎರಡೂ ಅಂಕಿ ಕೂಡಿಸಿ ವರ್ಗಮೂಲ ತೆಗೆದರೆ 42, ಅದರ ಎರಡು ಪಟ್ಟು ಹತ್ತಿರ ಹತ್ತಿರ 83. ಅಂದರೆ ಏರಿಕೆ 423ರಿಂದ 589ರ ನಡುವೆ ಎಲ್ಲಾದರೂ ಇರಬಹುದು. ಆರ್ಡರ್‌ಗೆ ಖರ್ಚು 999 ಆಗಿರಬಹುದು, 1,391 ಕೂಡ ಆಗಿರಬಹುದು. ಉಳಿಯೋ 1,017 ಈ ಎರಡರ ನಡುವೆಯೇ ಕೂತಿದೆ. ಹಾಗಾಗಿ "146 ನಷ್ಟ" ಅಂತ ಕಡ್ಡಿ ಮುರಿದ ಹಾಗೆ ಹೇಳೋಕಾಗಲ್ಲ. ನಿಜ ಜೀವನದ ಏರಿಳಿತ ಈ ಲೆಕ್ಕಕ್ಕಿಂತ ದೊಡ್ಡದೇ ಇರುತ್ತೆ.

ತಕ್ಕಡಿ:
ಒಪ್ಪಿಕೊಂಡೆ. ಹೋದ ವರ್ಷದ ಅದೇ 8 ವಾರದ ಅಂಕಿ ಪಕ್ಕದಲ್ಲಿಟ್ಟರೆ ಋತುವಿನ ಪಾಲು ಸ್ವಲ್ಪ ಕಳೆಯುತ್ತೆ. ಇನ್ನೂ ಗಟ್ಟಿ ಬೇಕಾದರೆ ಕೆಲವು ಊರುಗಳಲ್ಲಿ ಜಾಹೀರಾತು ಪೂರ್ತಿ ನಿಲ್ಲಿಸಿ ಬೇರೆ ಊರುಗಳ ಜೊತೆ ಹೋಲಿಸಬೇಕು.

ಜಾಲಿಮರ:
6 ಲಕ್ಷದ ಬಜೆಟ್‌ಗೆ ಊರು ಬಿಟ್ಟು ಪರೀಕ್ಷೆ ಮಾಡೋಕೆ ಯಾವ ಗ್ರಾಹಕನೂ ಒಪ್ಪಲ್ಲ. ಒಪ್ಪಿದರೂ ವಾರಕ್ಕೆ 140 ಆರ್ಡರ್‌ನಲ್ಲಿ ಊರಿಗೆ ಬರೋದು ಐದಾರು. ಏನು ಕಾಣುತ್ತೆ ಅದರಲ್ಲಿ?

ತಕ್ಕಡಿ:
ದೊಡ್ಡ ಪ್ರದೇಶವಾಗಿ ಎರಡೇ ಭಾಗ ಮಾಡಿದರೆ ಕಾಣಬಹುದು. ನಿಮ್ಮ ಅನುಮಾನಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಬಿಡಿ.

ಖಡಕ್_ಲೆಕ್ಕ:
ತೆರಿಗೆ? ಜಾಹೀರಾತು ಫಲಕದ ಖರ್ಚಲ್ಲಿ ತೆರಿಗೆ ಇರಲ್ಲ, ಬಿಲ್ಲಲ್ಲಿ ಇರುತ್ತೆ. ಯಾವುದು ಹಾಕಿದ್ದೀರಿ ಅಂತ ಒಂದು ಸಾಲು ಬರೆಯದಿದ್ದರೆ ಲೆಕ್ಕಪತ್ರದವರು ಮೊದಲ ದಿನವೇ ವಾಪಸ್ ಕಳಿಸ್ತಾರೆ.

ಅಂಕಿಮಿಂಚು:
ಫಾಲೋವರ್ಸ್ ಬಗ್ಗೆ ಯಾರೂ ಹೇಳಲಿಲ್ಲ. 10,000ದಿಂದ 20,000 ಅನ್ನೋದರಲ್ಲಿ ಬಿಟ್ಟುಹೋದವರೇ ಇಲ್ಲ. ಶುರುವಿನಲ್ಲಿ 10,240, ಹೊಸಬರು 3,118, ಬಿಟ್ಟವರು 871, ಕೊನೆಗೆ 12,487. ಬೆಳವಣಿಗೆ 21.9%. ಇಮೇಲ್ ಪಟ್ಟಿಗೂ ಹಾಗೇ: ಶುರು 8,460, ಸೇರಿದವರು 1,930, ಬೇಡ ಅಂದವರು 412, ವಿಳಾಸವೇ ಸತ್ತು ತೆಗೆದದ್ದು 96, ಕೊನೆಗೆ 9,882.

ಬೆಳವಣಿಗೆ ಏಣಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರಲ್ಲ. 3ನೇ ವಾರ ಒಂದು ರೀಲ್ ಓಡಿ 1,042 ಜನ ಬಂದರು ಅಂತ ಇಡಿ. ಹಾಗೆ ಬಂದವರಲ್ಲಿ ಒಂದಷ್ಟು ಮಂದಿ 4, 5ನೇ ವಾರ ಬಿಟ್ಟು ಹೋಗ್ತಾರೆ, ಬಿಟ್ಟವರ ಸಂಖ್ಯೆ ಅಲ್ಲಿ ಏರಿರಬೇಕು. ಆರ್ಡರ್ ಮಾತ್ರ 3ನೇ ವಾರ ಏರಿರಬಾರದು, ಯಾಕಂದ್ರೆ ರೀಲ್ ನೋಡಿ ನಕ್ಕವರು ಬ್ಯಾಗ್ ಹುಡುಕ್ತಾ ಬಂದವರಲ್ಲ. ಎರಡು ಗ್ರಾಫ್ ಒಂದರ ಕೆಳಗೊಂದು ಇಟ್ಟು ಅದನ್ನ ತೋರಿಸಿದರೆ ಚೆನ್ನ.

ಶೀಟ್‌ನಲ್ಲಿ ಪ್ರತಿ ವಾರದ ಪಕ್ಕ ಇದೊಂದು ಸೂತ್ರ ಹಾಕಿಡಿ. B ಶುರು, C ಹೊಸಬರು, D ಬಿಟ್ಟವರು, E ಕೊನೆ:

```
=IF(B2+C2-D2=E2,"ಸರಿ","ಹೊಂದಿಲ್ಲ")
```

ಈ ವಾರದ E ಮುಂದಿನ ವಾರದ B ಆಗಿರಬೇಕು ಅನ್ನೋದನ್ನೂ ನೋಡಿಕೊಳ್ಳಿ. ಹೆಚ್ಚಾಗಿ ತಪ್ಪೋದು ಅಲ್ಲೇ.

ಸುಮ್ನೆ_ಕೇಳ್ದೆ:
ಒಂದು ಪ್ರಶ್ನೆ. ಇಷ್ಟೆಲ್ಲಾ ಕಷ್ಟಪಡೋ ಬದಲು ನಿಜವಾದ ಗ್ರಾಹಕರ ಅಂಕಿಯನ್ನೇ 1.3ರಿಂದ ಗುಣಿಸಿ ಹೆಸರು ತೆಗೆದುಬಿಟ್ಟರೆ ಆಗಲ್ವಾ? ಎಲ್ಲಾ ಹೊಂದಿಕೊಂಡೇ ಇರುತ್ತಲ್ಲ.

ತಕ್ಕಡಿ:
ಅನುಪಾತ ಉಳಿಯುತ್ತೆ, ಗುಟ್ಟು ಉಳಿಯಲ್ಲ. ಫಾಲೋವರ್ಸ್ ಸಂಖ್ಯೆ ಎಲ್ಲರಿಗೂ ಕಾಣುತ್ತೆ. ಯಾವ ಅಂಗಡಿ ಅಂತ ಊಹಿಸಿದವನು ನಿಮ್ಮ ಅಂಕಿಯನ್ನ ಅದರಿಂದ ಭಾಗಿಸಿದರೆ 1.3 ಸಿಕ್ಕಿತು. ಆಮೇಲೆ ಬಜೆಟ್, ಆರ್ಡರ್ ಎಲ್ಲಾ ಬಿಚ್ಚಿಕೊಳ್ಳುತ್ತೆ. ಜೊತೆಗೆ ಒಂದು ಕ್ಲಿಕ್‌ನ ದರ, ಆರ್ಡರ್‌ಗೆ ಬಿದ್ದ ಖರ್ಚು ಗುಣಿಸಿದರೂ ಬದಲಾಗಲ್ಲ, ಎದುರಾಳಿಗೆ ಬೇಕಾದದ್ದು ಅದೇ. ಗ್ರಾಹಕರು ಒಪ್ಪಿದರೆ ಮೊದಲ ವಾರವನ್ನ 100 ಅಂತ ಇಟ್ಟು ಉಳಿದ ವಾರಗಳನ್ನ ಅದರ ಮೇಲೆ ತೋರಿಸಿ, ಫಾಲೋವರ್ಸ್‌ನ ಶೇಕಡಾದಲ್ಲಿ ಮಾತ್ರ. ಒಪ್ಪದಿದ್ದರೆ ಕಾಲ್ಪನಿಕವೇ ಸರಿ.

ಮಾದರಿ_ವರದಿ:
ಎಲ್ಲಾ ಓದಿ ಮೊದಲ ಪುಟ ಮತ್ತೆ ಬರೆದೆ, ನೋಡಿ ಹೇಳಿ:

"ಕಾಲ್ಪನಿಕ ಅಂಗಡಿ, ಮಾದರಿ ಅಂಕಿ. 8 ವಾರ. ಬಜೆಟ್ 6,00,000, ಖರ್ಚು 5,88,500, ತೆರಿಗೆ ಹೊರತು. ಒಟ್ಟು ಆರ್ಡರ್ 1,146, ಹಿಂದಿನ 8 ವಾರ 640. ಹೆಚ್ಚುವರಿ ಆರ್ಡರ್‌ಗೆ ಖರ್ಚು 1,163, ಅಂದಾಜು ವ್ಯಾಪ್ತಿ 999ರಿಂದ 1,391. ಚಾನೆಲ್‌ಗಳು ಹೇಳಿಕೊಳ್ಳುವ ಮೊತ್ತ 1,038, ಇದರಲ್ಲಿ ಒಂದೇ ಆರ್ಡರ್ ಎರಡು ಮೂರು ಸಲ ಎಣಿಕೆಯಾಗಿದೆ. ವಿಡಿಯೊ 4ನೇ ವಾರ ನಿಲ್ಲಿಸಲಾಗಿದೆ. ಫಾಲೋವರ್ಸ್ 21.9%, ಇಮೇಲ್ ಪಟ್ಟಿ 22.8% ಬೆಳೆದಿದೆ."

ಕ್ಲಿಕ್ಕಪ್ಪ:
1,163 ಮೊದಲ ಪುಟದಲ್ಲಾ! ಧೈರ್ಯ ನಿಮಗೆ. ನಾನಾಗಿದ್ರೆ 567 ಹಾಕ್ತಿದ್ದೆ.

ಅಂಕಿಮಿಂಚು:
ಇಮೇಲ್ ಪಟ್ಟಿ ಬೆಳವಣಿಗೆ ತಪ್ಪಿದೆ. 1,930ನ್ನ 8,460ರಿಂದ ಭಾಗಿಸಿದ್ದೀರಿ, ಬಿಟ್ಟವರನ್ನ ಕಳೆದಿಲ್ಲ. ಫಾಲೋವರ್ಸ್‌ಗೆ ಕಳೆದು ಹಾಕಿ ಇದಕ್ಕೆ ಕಳೆಯದೆ ಹಾಕಿದರೆ ಎರಡನ್ನ ಹೋಲಿಸೋಕೇ ಬರಲ್ಲ. 1,422 ಏರಿಕೆ, 16.8%.

ಮಾದರಿ_ವರದಿ:
ಸೂತ್ರ ಫಾಲೋವರ್ಸ್ ಶೀಟ್‌ಗೆ ಮಾತ್ರ ಹಾಕಿದ್ದೆ. ತಿದ್ದಿದೆ.

ಜಾಲಿಮರ:
ಆ 640 ಯಾವ ತಿಂಗಳಿನದು ಅಂತ ಇನ್ನೂ ಬರೆದಿಲ್ಲ ನೀವು.